ರಾತ್ರಿ ಹನ್ನೊಂದೂವರೆಯ ಹಸಿವು ಶುರುವಾಗೋದು ಬೆಳಿಗ್ಗೆ ಏಳಕ್ಕೆ

ನನ್ನ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಹಾಸನದ ನಮ್ಮ ಬೀದಿಯಲ್ಲೇ ನಾಲ್ಕು ಮನೆಗಳಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿದ್ದಾರೆ, ರಾತ್ರಿ ಹನ್ನೆರಡಾದರೂ ನಾಲ್ಕೂ ಮನೆಯಲ್ಲಿ ಲೈಟು ಉರಿಯುತ್ತಿರುತ್ತದೆ. ಅಮ್ಮಂದಿರು ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಸಿಕ್ಕಿದರೆ ಮಾತು ಅದೇ. ರಾತ್ರಿ ಓದುವಾಗ ಏನು ಕೊಡ್ತೀರಿ? ಒಬ್ಬರು ನೆನೆಸಿದ ಬಾದಾಮಿ ಅಂತಾರೆ, ಇನ್ನೊಬ್ಬರು ಹಾಲಿಗೆ ಹಾಕೋ ಪುಡಿ ಅಂತಾರೆ. ನವೆಂಬರ್ ತನಕ ನಾನೂ ಅದನ್ನೇ ಕೇಳುತ್ತಿದ್ದೆ.

ಆಗ ನಮ್ಮ ಮನೆಯಲ್ಲಿ ನಡೆಯುತ್ತಿದ್ದುದು ಹೀಗೆ. ರಾತ್ರಿ ಹನ್ನೊಂದೂವರೆಗೆ "ಅಮ್ಮಾ, ತುಂಬಾ ಹಸಿವಾಗ್ತಿದೆ" ಅಂತ ಅಡುಗೆಮನೆಗೆ ಬರುತ್ತಿದ್ದಳು. ಎರಡು ಪ್ಯಾಕೆಟ್ ನೂಡಲ್ಸ್, ಜೊತೆಗೊಂದು ಲೋಟ ಫಿಲ್ಟರ್ ಕಾಫಿ. ಓದೋ ಮಗು, ತಿನ್ನಲಿ ಬಿಡು ಅಂತ ನಾನೇ ಎದ್ದು ಮಾಡಿಕೊಡುತ್ತಿದ್ದೆ. ಮಲಗುವಾಗ ಒಂದು ಗಂಟೆ. ಬೆಳಿಗ್ಗೆ ಆರಕ್ಕೆ ಎಬ್ಬಿಸಿದರೆ ಮುಖ ಊದಿರುತ್ತಿತ್ತು, ಹುಳಿತೇಗು ಬೇರೆ, ತಿಂಡಿ ಅಂದರೆ ಬೇಡವೇ ಬೇಡ.

ಒಂದು ವಾರ ಅವಳು ತಿಂದದ್ದನ್ನೆಲ್ಲ ಕ್ಯಾಲೆಂಡರ್ ಹಿಂದೆ ಗಂಟೆ ಸಮೇತ ಬರೆದಿಟ್ಟೆ. ಅವಳಿಗೂ ಹೇಳಿದ್ದೆ, ಬೈಯೋದಕ್ಕಲ್ಲ, ಸುಮ್ನೆ ನೋಡೋಣ ಅಂತ. ಬುಧವಾರದ್ದು ಇಲ್ಲಿ ಹಾಕುತ್ತೇನೆ. ಬೆಳಿಗ್ಗೆ 6.45ಕ್ಕೆ ಅರ್ಧ ಲೋಟ ಕಾಫಿ, ಎರಡು ಬಿಸ್ಕತ್ತು, ಏಳಕ್ಕೆ ಗಣಿತದ ಟ್ಯೂಶನ್. ಮಧ್ಯಾಹ್ನ 12.45ಕ್ಕೆ ಡಬ್ಬಿಯಲ್ಲಿದ್ದ ಚಿತ್ರಾನ್ನದಲ್ಲಿ ಅರ್ಧ, ಉಳಿದರ್ಧ ಮನೆಗೆ ವಾಪಸ್ಸು. ಸಂಜೆ ಐದಕ್ಕೆ ವಿಜ್ಞಾನದ ಟ್ಯೂಶನ್, ಹೋಗುವ ದಾರಿಯಲ್ಲಿ ಬೇಕರಿಯ ಒಂದು ಪಫ್ಸ್. ಮನೆ ಸೇರಿ, ಸ್ನಾನ ಮಾಡಿ, ಅವರಪ್ಪ ಬಂದ ಮೇಲೆ 9.30ಕ್ಕೆ ಊಟ, ದೊಡ್ಡ ಮುದ್ದೆ, ಮೇಲೆ ಎರಡು ಸಲ ಅನ್ನ. ಪುಸ್ತಕದ ಮುಂದೆ ಕೂತರೆ ತೂಕಡಿಕೆ. ಅದನ್ನು ಓಡಿಸಲು ಕಾಫಿ. ಹನ್ನೊಂದೂವರೆಗೆ ನೂಡಲ್ಸ್.

ಬರೆದದ್ದನ್ನು ಓದಿದಾಗ ನನಗೆ ಸಂಕಟವಾಯಿತು. ಹದಿನೈದು ವರ್ಷದ ಬೆಳೆಯೋ ಹುಡುಗಿ ಬೆಳಿಗ್ಗೆಯಿಂದ ರಾತ್ರಿ ಒಂಬತ್ತೂವರೆ ತನಕ ತಿಂದದ್ದು ಅರ್ಧ ಡಬ್ಬಿ ಅನ್ನ, ಎರಡು ಬಿಸ್ಕತ್ತು, ಒಂದು ಪಫ್ಸ್. ಇಡೀ ದಿನದ ಊಟ ರಾತ್ರಿಯ ಎರಡೂವರೆ ಗಂಟೆಯೊಳಗೆ ಹೊಟ್ಟೆಗೆ ಬೀಳುತ್ತಿತ್ತು. ರಾತ್ರಿ ಹಾಗೆ ತಿಂದಿದ್ದರಿಂದಲೇ ಬೆಳಿಗ್ಗೆ ಹಸಿವಿಲ್ಲ. ಬೆಳಿಗ್ಗೆ ತಿನ್ನದೇ ಹೋಗಿದ್ದರಿಂದಲೇ ರಾತ್ರಿ ಆ ಹಸಿವು. ಗಾಣದ ಎತ್ತಿನ ಹಾಗೆ ಅಲ್ಲೇ ಸುತ್ತುತ್ತಿದ್ದೆವು.

ಎಲ್ಲಿ ಹಿಡಿದು ನಿಲ್ಲಿಸೋದು? ಮೊದಲು ಬೆಳಿಗ್ಗೆಯ ತಿಂಡಿಯಿಂದ ಶುರು ಮಾಡಿ ಸೋತೆ. ಹಸಿವೇ ಇಲ್ಲದ ಮಗುವಿನ ಬಾಯಿಗೆ ಇಡ್ಲಿ ತುರುಕಿದರೆ ಏನು ಪ್ರಯೋಜನ, ದಿನಾ ಜಗಳ ಅಷ್ಟೇ. ನೂಡಲ್ಸ್ ನಿಲ್ಲಿಸಿ ನೋಡಿದೆ, ಅವತ್ತು ಹಸಿದುಕೊಂಡೇ ಓದಿದಳು, ಅದು ಅನ್ಯಾಯ. ಕೊನೆಗೆ ಕೆಲಸ ಮಾಡಿದ್ದು ಸಂಜೆ ನಾಲ್ಕೂವರೆಯ ಡಬ್ಬಿ.

ಈಗ ಎರಡು ಡಬ್ಬಿ ಕಳಿಸುತ್ತೇನೆ. ಎರಡನೆಯದರಲ್ಲಿ ಇರೋದು ಕುರುಕಲು ತಿಂಡಿಯಲ್ಲ, ಒಂದು ಚಿಕ್ಕ ಊಟ. ಅನ್ನ ಹಾಕಿ ಕಲಸಿದ ಒಂದು ಅಕ್ಕಿರೊಟ್ಟಿ, ಜೊತೆಗೆ ಹುಚ್ಚೆಳ್ಳು ಚಟ್ನಿಪುಡಿ, ಒಂದು ಬೇಯಿಸಿದ ಮೊಟ್ಟೆ. ಮೊಟ್ಟೆ ತಿನ್ನದ ದಿನ ಒಂದು ಬಟ್ಟಲು ಹೆಸರುಕಾಳು ಉಸಲಿ. ಅವರೆಕಾಯಿ ಕಾಲದಲ್ಲಿ ರೊಟ್ಟಿಗೇ ಅವರೆಕಾಳು ಸೇರಿಸಿಬಿಡುತ್ತೇನೆ. ಲೆಕ್ಕ ಇಷ್ಟೇ, ಒಂದು ಧಾನ್ಯ, ಒಂದು ಕಾಳು ಇಲ್ಲವೇ ಮೊಟ್ಟೆ. ಬರೀ ಮೈದಾ, ಬರೀ ಸಕ್ಕರೆ ತಿಂದರೆ ಒಂದು ಗಂಟೆಯಲ್ಲಿ ಮತ್ತೆ ಹಸಿವು. ಕಾಳು, ಮೊಟ್ಟೆ ಜೊತೆಗಿದ್ದರೆ ಮೂರು ಗಂಟೆ ತಡೆಯುತ್ತದೆ. ಮೊದಲ ವಾರ ನಾನೊಂದು ತಪ್ಪು ಮಾಡಿದೆ. ಪಾಪ ಹಸಿದಿರುತ್ತಾಳೆ ಅಂತ ಎರಡು ರೊಟ್ಟಿ ಹಾಕಿದೆ, ರಾತ್ರಿ ಊಟ ಬೇಡ ಅಂದಳು, ಹನ್ನೊಂದಕ್ಕೆ ಮತ್ತೆ ಅಡುಗೆಮನೆ. ಒಂದಕ್ಕೆ ಇಳಿಸಿದ ಮೇಲೆ ಸರಿಹೋಯಿತು.

ಅವಳಿಗೆ ಊಟ ಎಂಟು ಗಂಟೆಗೆ. ಅವರಪ್ಪ ಬರುವವರೆಗೆ ಕಾಯಿಸೋದಿಲ್ಲ. ಇದಕ್ಕೆ ಮನೆಯಲ್ಲಿ ಸ್ವಲ್ಪ ಬೇಜಾರಾಯಿತು, ಎಲ್ಲರೂ ಕೂತು ಉಣ್ಣೋ ಅಭ್ಯಾಸ ನಮ್ಮದು, ಆದರೆ ಪರೀಕ್ಷೆ ಮುಗಿಯೋ ತನಕ ತಾನೇ. ಒಂದು ಚಿಕ್ಕ ಮುದ್ದೆ, ಮೊಳಕೆ ಹುರುಳಿಸಾರು ಇಲ್ಲವೇ ಸೊಪ್ಪಿನ ಬಸ್ಸಾರು, ಸ್ವಲ್ಪ ಮಜ್ಜಿಗೆ ಅನ್ನ. ನಾಲ್ಕೂವರೆಗೆ ತಿಂದಿರುವುದರಿಂದ ಎಂಟಕ್ಕೆ ಅವಳೇ ಅಳತೆಯಾಗಿ ಉಣ್ಣುತ್ತಾಳೆ, ಆ ತೂಕಡಿಕೆಯೂ ಮೊದಲಿನಷ್ಟಿಲ್ಲ.

ಇನ್ನು ರಾತ್ರಿಯ ವಿಷಯ. ಹತ್ತೂಕಾಲಕ್ಕೆ ಒಂದು ಸಲ ಕೇಳುತ್ತೇನೆ, "ಪುಟ್ಟಿ, ಮೊಸರನ್ನ ತಿಂತೀಯಾ?" ಹೂಂ ಅಂದರೆ ಅದು ನಿಜವಾದ ಹಸಿವು. "ಅದು ಬೇಡ, ಚಿಪ್ಸ್ ಇದ್ರೆ ಕೊಡು" ಅಂದರೆ ಅದು ಹಸಿವಲ್ಲ, ಓದಿ ಬೇಸರವಾಗಿದೆ ಅಥವಾ ನಿದ್ದೆ ಬರುತ್ತಿದೆ. ನಿದ್ದೆಗೆ ತಿಂಡಿ ಕೊಟ್ಟು ಪ್ರಯೋಜನವಿಲ್ಲ. ಅಂಥ ದಿನ ಪುಸ್ತಕ ಮುಚ್ಚಿಸಿ ಮಲಗಿಸುತ್ತೇನೆ.

ನಿಜವಾಗಿ ಹಸಿದಿದ್ದರೆ ರಾಗಿ ಹುರಿಹಿಟ್ಟು. ಇದರ ಬಗ್ಗೆ ಸ್ವಲ್ಪ ಬರೆಯಲೇಬೇಕು, ಯಾಕೆಂದರೆ ನಮ್ಮ ಕಡೆಯ ಮನೆಗಳಲ್ಲಿ ಇದ್ದ ಪದಾರ್ಥವನ್ನು ನಾವೇ ಮರೆತು ಡಬ್ಬಿ ಪುಡಿಗೆ ದುಡ್ಡು ಕೊಡುತ್ತಿದ್ದೇವೆ. ನಮ್ಮ ಅತ್ತೆ ಇದನ್ನು ಮನೆಯಲ್ಲೇ ಮಾಡುತ್ತಾರೆ. ರಾಗಿಗೆ ನೀರುಮಜ್ಜಿಗೆ ಚಿಮುಕಿಸಿ, ಕಲೆಸಿ, ರಾತ್ರಿಯಿಡೀ ಮುಚ್ಚಿಡುತ್ತಾರೆ. ಬೆಳಿಗ್ಗೆ ನೆರಳಲ್ಲಿ ಹರಡಿ, ಚೆನ್ನಾಗಿ ಕಾದ ಬಾಣಲೆಗೆ ಒಂದೊಂದೇ ಹಿಡಿ ಹಾಕುತ್ತಾರೆ. ಪಟಪಟ ಸಿಡಿದು ಬೆಳ್ಳಗೆ ಅರಳುತ್ತದೆ. ತೇವ ಜಾಸ್ತಿಯಾದರೆ ಅರಳೋದಿಲ್ಲ, ಒಣಗಿದರೆ ಅರಳುವ ಮೊದಲೇ ಸೀದುಹೋಗುತ್ತದೆ. ಅರಳಿದ್ದನ್ನು ಮಿಲ್ಲಿಗೆ ಕೊಟ್ಟು ಹಿಟ್ಟು ಮಾಡಿಸೋದು. ಅರಳುವಾಗಲೇ ಬೆಂದಿರುವುದರಿಂದ ಮತ್ತೆ ಒಲೆ ಹಚ್ಚಬೇಕಾಗಿಲ್ಲ. ಬಟ್ಟಲಿಗೆ ಎರಡು ದೊಡ್ಡ ಚಮಚ ಹಿಟ್ಟು, ಒಂದು ಚಮಚ ಬೆಲ್ಲದ ಪುಡಿ, ಒಂದು ಚಮಚ ಕಾಯಿತುರಿ. ಮೇಲೆ ಅರ್ಧ ಲೋಟ ಬೆಚ್ಚಗಿನ ಹಾಲು, ಸ್ವಲ್ಪ ಸ್ವಲ್ಪವಾಗಿ. ಒಂದೇ ಸಲ ಸುರಿದರೆ ಗಂಟಾಗುತ್ತದೆ. ಎರಡು ನಿಮಿಷ ಬಿಟ್ಟರೆ ಹಿಟ್ಟು ಹಾಲು ಕುಡಿದು ಉಬ್ಬುತ್ತದೆ, ಗಟ್ಟಿಯಾದರೆ ಇನ್ನೆರಡು ಚಮಚ ಹಾಲು. ಮಗಳೇ ಮಾಡಿಕೊಳ್ಳುತ್ತಾಳೆ, ನನ್ನ ನಿದ್ದೆ ಕೆಡೋದಿಲ್ಲ. ಹೊಟ್ಟೆ ಭಾರವಾಗೋದಿಲ್ಲ, ರಾಗಿಯಲ್ಲಿ ಸುಣ್ಣದ ಅಂಶ ಚೆನ್ನಾಗಿದೆ, ಹಾಲಿನಲ್ಲೂ ಇದೆ. ಹಿಟ್ಟು ಇಲ್ಲದ ದಿನ ಒಂದು ಬಾಳೆಹಣ್ಣು, ಇಲ್ಲಾಂದ್ರೆ ಒಂದು ಹಿಡಿ ಹುರಿಗಡಲೆ ಮತ್ತು ಬೆಲ್ಲ. ಕಡಲೆಕಾಯಿ ಬೀಜ ನಾನು ಸಂಜೆಗೇ ಕೊಡೋದು, ರಾತ್ರಿ ಕೊಟ್ಟರೆ ಅವಳಿಗೆ ಎದೆಯುರಿ ಬರುತ್ತದೆ. ಬಾದಾಮಿ ಕೊಡೋರು ಕೊಡಲಿ, ಒಳ್ಳೆಯದೇ. ಆದರೆ ಐದು ಬಾದಾಮಿ ಆರೇಳು ಗ್ರಾಮ್ ತೂಗಬಹುದು, ಅಷ್ಟರಲ್ಲಿ ಬೆಳೆಯೋ ಮಗುವಿನ ಹೊಟ್ಟೆ ತುಂಬುತ್ತದಾ?

ಕಾಫಿ ವಿಷಯಕ್ಕೆ ನಮ್ಮ ಜಿಲ್ಲೆಯವರಿಗೆ ಸಿಟ್ಟು ಬರಬಹುದು. ಸಕಲೇಶಪುರ, ಬೇಲೂರು ಕಡೆ ತೋಟಗಳಿರೋ ಊರಿನವರು ನಾವು, ಕಾಫಿ ನಮ್ಮ ಮನೆಯಲ್ಲೂ ದೇವರ ಸಮಾನ. ಆದರೂ ಹೇಳುತ್ತೇನೆ, ಕುಡಿದ ಕಾಫಿಯ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಹತ್ತೂವರೆಗೆ ಕುಡಿದರೆ ಬೆಳಗಿನ ಜಾವ ಮೂರೂವರೆಗೂ ಅರ್ಧ ಮೈಯಲ್ಲೇ ಇರುತ್ತದೆ. ಮಗು ಮಲಗಿದ್ದರೂ ಗಾಢ ನಿದ್ದೆ ಇರೋದಿಲ್ಲ. ಈ ವಯಸ್ಸಿಗೆ ಎಂಟು ಗಂಟೆಯಾದರೂ ನಿದ್ದೆ ಬೇಕು. ನಮ್ಮ ಮನೆಯಲ್ಲಿ ಈಗ ಅವಳಿಗೆ ದಿನಕ್ಕೆ ಒಂದೇ ಲೋಟ, ಅದೂ ಶಾಲೆಯ ದಿನ ಬೆಳಿಗ್ಗೆ, ತಿಂಡಿ ತಿಂದು ಒಂದು ಗಂಟೆ ಆಗಿದ್ದರೆ ಮಾತ್ರ. ಹೊತ್ತಾದರೆ ಅವತ್ತು ಕಾಫಿ ಇಲ್ಲ.

ಆ ಒಂದು ಗಂಟೆ ಬಿಡೋದಕ್ಕೆ ಬೇರೆ ಕಾರಣವಿದೆ. ಕಾಫಿ, ಟೀ ಎರಡೂ ಊಟದಲ್ಲಿನ ಕಬ್ಬಿಣದ ಅಂಶ ಮೈಗೆ ಹತ್ತದ ಹಾಗೆ ಮಾಡುತ್ತವೆ. ಡಿಸೆಂಬರಿನಲ್ಲಿ ಮಗಳು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಬಿಳಿಚಿಕೊಂಡಿತ್ತು. ರಕ್ತ ಪರೀಕ್ಷೆ ಮಾಡಿಸಿದೆವು, ಹಿಮೋಗ್ಲೋಬಿನ್ 10.4. ಈ ವಯಸ್ಸಿನ ಹುಡುಗಿಯರಿಗೆ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ಅಷ್ಟು ದಿನ ನಾನು ಅದನ್ನು ಸೋಮಾರಿತನ ಅಂದುಕೊಂಡು ಬೈದಿದ್ದೆ, ಈಗ ನೆನೆದರೆ ಕಣ್ಣಲ್ಲಿ ನೀರು ಬರುತ್ತದೆ. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಹುರುಳಿಸಾರಿಗೆ, ಸೊಪ್ಪಿಗೆ ನಿಂಬೆಹುಳಿ ಹಿಂಡಿ ಅಂದರು, ಹುಳಿ ಸೇರಿದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದಂತೆ. ಹೆಣ್ಣುಮಕ್ಕಳ ಅಮ್ಮಂದಿರೇ, ಓದಲು ಕೂತರೆ ನಿದ್ದೆ ಅಂತ ದೂರುವ ಮೊದಲು ಒಂದು ಸಲ ರಕ್ತ ಪರೀಕ್ಷೆ ಮಾಡಿಸಿ. ಸರ್ಕಾರಿ, ಅನುದಾನಿತ ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಾರಲ್ಲ, ಮಕ್ಕಳು ಅದನ್ನು ನುಂಗುತ್ತಾರಾ ಅಥವಾ ಬ್ಯಾಗಿನಲ್ಲೇ ಇಟ್ಟುಕೊಳ್ಳುತ್ತಾರಾ ಅಂತಲೂ ನೋಡಿ.

ಬದಲಾವಣೆ ಗೊತ್ತಾಗಲು ನಮಗೆ ಹತ್ತು ದಿನ ಹಿಡಿಯಿತು. ಮೊದಲು ಹೋಗಿದ್ದು ಹುಳಿತೇಗು. ಆಮೇಲೊಂದು ದಿನ ಬೆಳಿಗ್ಗೆ ಆರೂವರೆಗೆ "ತಿಂಡಿ ಆಯ್ತಾ ಅಮ್ಮ?" ಅಂತ ಅವಳೇ ಕೇಳಿದಳು, ಎಷ್ಟೋ ತಿಂಗಳ ಮೇಲೆ. ಅವತ್ತು ಎರಡು ಇಡ್ಲಿ ತಿಂದು ಹೋದಳು. ಮಧ್ಯಾಹ್ನದ ಡಬ್ಬಿಯೂ ಖಾಲಿ ಬರತೊಡಗಿತು. ನೂಡಲ್ಸ್ ಈಗ ಭಾನುವಾರ ಸಂಜೆ, ಒಂದೇ ಪ್ಯಾಕೆಟ್, ಕ್ಯಾರೆಟ್ಟು ಬೀನ್ಸು ಹಾಕಿ.

ಟ್ಯೂಶನ್ ನಡೆಸುವವರಲ್ಲಿ ಒಂದು ಮಾತು. ಶಾಲೆಯಿಂದ ನೇರ ಬರೋ ಮಕ್ಕಳಿಗೆ ಡಬ್ಬಿ ತೆಗೆದು ತಿನ್ನಲು ಹತ್ತು ನಿಮಿಷ ಕೊಡಿ. ಒಂದು ಕಡೆ "ಇದೇನು ಹೋಟೆಲ್ಲಾ" ಅಂತ ಮಕ್ಕಳನ್ನು ಗದರಿಸಿದ್ದರಂತೆ, ಮಗಳು ವಾರಗಟ್ಟಲೆ ನಾಚಿಕೆಯಿಂದ ಡಬ್ಬಿ ಬಿಚ್ಚಲೇ ಇಲ್ಲ. ನಾನು ಹೋಗಿ ಮಾತಾಡಿದೆ, ಒಪ್ಪಿದರು. ಈಗ ಎಂಟು ಮಕ್ಕಳು ಅಲ್ಲಿನ ಕಟ್ಟೆ ಮೇಲೆ ಕೂತು ಹಂಚಿಕೊಂಡು ತಿನ್ನುತ್ತಾರೆ. ನಿಮ್ಮ ಮಕ್ಕಳು ಹೋಗೋ ಕಡೆಯೂ ಕೇಳಿ ನೋಡಿ, ಬಹಳಷ್ಟು ಮಂದಿ ಒಪ್ಪುತ್ತಾರೆ.

ಪರೀಕ್ಷೆ ಬರೆಯೋದು ಬೆಳಿಗ್ಗೆ ಹತ್ತಕ್ಕೆ, ಹಾಗಾಗಿ ಇನ್ನು ಮೂರು ವಾರ ಭಾನುವಾರವೂ ಎಂಟಕ್ಕೆ ತಿಂಡಿ, ಹತ್ತಕ್ಕೆ ಹಳೇ ಪ್ರಶ್ನೆಪತ್ರಿಕೆ ಬರೆಯಲು ಕೂರೋದು ಅಂತ ಮಾಡಿಕೊಂಡಿದ್ದೇವೆ. ಮೂರು ಗಂಟೆ ಹೊಟ್ಟೆ ತಡೆಯುತ್ತದಾ ಅಂತ ಈಗಲೇ ಗೊತ್ತಾಗುತ್ತದೆ. ಕಳೆದ ಭಾನುವಾರ ಉಪ್ಪಿಟ್ಟು ತಿಂದು ಕೂತಳು, ಹನ್ನೆರಡಕ್ಕೆಲ್ಲ ಹಸಿವು ಅಂದಳು. ಈ ಭಾನುವಾರ ಎರಡು ಇಡ್ಲಿ, ತೊವ್ವೆ ಕೊಟ್ಟೆ, ಒಂದು ಗಂಟೆವರೆಗೆ ಪೆನ್ನು ಕೆಳಗಿಡಲಿಲ್ಲ. ಪರೀಕ್ಷೆ ದಿನಕ್ಕೆ ಇಡ್ಲಿ ತೊವ್ವೆ ಅಂತ ಅವಳೇ ಗೋಡೆ ಮೇಲೆ ಬರೆದು ಅಂಟಿಸಿದ್ದಾಳೆ.