ಅಜ್ಜಿಯ ನವಿಲಿಗೆ ಜುಟ್ಟು ಬಂದದ್ದು

ನಮ್ಮ ಅಜ್ಜಿಯ ನವಿಲು ಪದಕವನ್ನು ತಾತ 1974ರಲ್ಲಿ ಮಾರಿ ತೋಟಕ್ಕೆ ಪಂಪ್‌ಸೆಟ್ ಹಾಕಿಸಿದರು. ಪಂಪ್‌ಸೆಟ್ ಕೆಟ್ಟು ಗುಜರಿಗೆ ಹೋಯಿತು, ತೋಟ ನಾಲ್ಕು ಪಾಲಾಯಿತು, ತಾತನೂ ಹೋದರು. ಪದಕದ ಮಾತು ಮಾತ್ರ ಇವತ್ತಿಗೂ ಪ್ರತಿ ಮದುವೆಯ ಊಟದ ಪಂಕ್ತಿಯಲ್ಲಿ ಹೋಳಿಗೆಯ ಹಿಂದೆಯೇ ಬರುತ್ತದೆ. ಅಮ್ಮನಿಗೆ ಎಪ್ಪತ್ತು ತುಂಬುವ ಹೊತ್ತಿಗೆ ಅದೇ ಪದಕವನ್ನು ಮತ್ತೆ ಮಾಡಿಸಿ ಕೈಗಿಡಬೇಕು, ಅದೂ ಆಕೆಗೆ ಸುಳಿವು ಕೊಡದೆ, ಎಂದು ನಾನೂ ನನ್ನ ತಂಗಿಯೂ ನಿಶ್ಚಯಿಸಿದೆವು. ಪದಕವನ್ನು ಕಣ್ಣಾರೆ ಕಂಡವರನ್ನು ಹೊರಗಿಟ್ಟು ಕಾಣದವರಿಬ್ಬರು ಅದನ್ನು ಮಾಡಿಸಲು ಹೊರಟಿದ್ದೇವೆ ಎಂಬುದು ಆಗ ಹೊಳೆಯಲಿಲ್ಲ.

ನಮ್ಮ ಬಳಿ ಇದ್ದ ಸಾಕ್ಷಿ ಒಂದೇ: ತುಮಕೂರಿನ ಯಾವುದೋ ಸ್ಟುಡಿಯೋದಲ್ಲಿ ತೆಗೆಸಿದ ಕಪ್ಪುಬಿಳುಪು ಫೋಟೋ. ಅಜ್ಜಿ ಕುರ್ಚಿಯಲ್ಲಿ, ತಾತ ಪಕ್ಕದಲ್ಲಿ ಕಂಬದಂತೆ. ಅಜ್ಜಿಯ ಎದೆಯ ಮೇಲೆ ಒಂದು ಹೆಸರುಕಾಳಿನಷ್ಟು ನವಿಲು. ಅದನ್ನು ಹಿಡಿದುಕೊಂಡು ನಗರ್ತಪೇಟೆಯ ಒಂದು ಗಲ್ಲಿಯಲ್ಲಿ, ಇಬ್ಬರು ಎದುರುಬದುರು ಬಂದರೆ ಒಬ್ಬರು ಇಳಿದು ದಾರಿ ಬಿಡಬೇಕಾದ ಮೆಟ್ಟಿಲು ಹತ್ತಿ, ಆಚಾರ್ರ ಮುಂದೆ ಕುಳಿತೆವು.

ಆಚಾರ್ರು ಕಣ್ಣಿಗೆ ಭೂತಗನ್ನಡಿ ಏರಿಸಿ ಫೋಟೋ ನೋಡಿದರು. ನಾವು ನವಿಲನ್ನು ತೋರಿಸುತ್ತಿದ್ದರೆ ಅವರು ಅಜ್ಜಿಯ ಮುಖ ನೋಡುತ್ತಿದ್ದರು. ಆಮೇಲೆ ಕೈವಾರ ತೆಗೆದು ಅದರ ಎರಡು ಮೊನೆಗಳನ್ನು ಅಜ್ಜಿಯ ಎರಡು ಕಣ್ಣುಪಾಪೆಗಳ ಮೇಲೆ ಇಟ್ಟರು. ತಂಗಿ ಹೌಹಾರಿದಳು. "ಹೆದರಬೇಡಿ ಅಮ್ಮಾ, ಅಳತೆ" ಎಂದರು. ದೊಡ್ಡವರಲ್ಲಿ ಎರಡು ಪಾಪೆಗಳ ನಡುವೆ ಹೆಚ್ಚುಕಡಿಮೆ ಆರು ಸೆಂಟಿಮೀಟರ್ ಅಂತರ ಇರುತ್ತದೆಯಂತೆ. ಫೋಟೋದಲ್ಲಿ ಅದು ಎಂಟು ಮಿಲಿಮೀಟರ್ ಬಂತು, ನವಿಲು ನಾಲ್ಕು. ಅಂದರೆ ಅಸಲು ಪದಕ ಮೂರು ಸೆಂಟಿಮೀಟರ್ ಅಗಲ, ಹತ್ತು ರೂಪಾಯಿಯ ನಾಣ್ಯಕ್ಕಿಂತ ತುಸು ದೊಡ್ಡದು. ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದ "ಅಂಗೈಯಗಲದ ಪದಕ" ಅಲ್ಲಿಯೇ ಕುಗ್ಗಿಹೋಯಿತು.

"ಇದು ಎರಕದ್ದಲ್ಲ" ಎಂದೂ ಹೇಳಿದರು. "ಆಗೆಲ್ಲ ತೆಳ್ಳನೆಯ ತಗಡನ್ನು ಅಚ್ಚಿನ ಮೇಲೆ ಬಡಿದು ಉಬ್ಬಿಸಿ, ಒಳಗೆ ಅರಗು ತುಂಬಿ, ಹಿಂದೆ ಇನ್ನೊಂದು ತಗಡು ಮುಚ್ಚುತ್ತಿದ್ದರು. ನೋಡುವುದಕ್ಕೆ ಆನೆ, ತೂಗಿದರೆ ಆಡು." ಹಾಗೆ ಬಡಿಯುವವರು ಈಗ ಅವರ ಬಳಿ ಇರಲಿಲ್ಲ. ಕಂಪ್ಯೂಟರಿನಲ್ಲಿ ಚಿತ್ರ ಬರೆಸಿ, ಅದನ್ನು ಮೇಣದಲ್ಲಿ ಅಚ್ಚು ತೆಗೆಸಿ, ಎರಕ ಹೊಯ್ಯಿಸಿ ಕೊಡುತ್ತೇನೆ, ಪ್ರತಿ ಹಂತದಲ್ಲೂ ನೀವು ನೋಡಿ ಒಪ್ಪಬೇಕು ಎಂದರು. ಒಪ್ಪುವ ಅಧಿಕಾರ ಸಿಕ್ಕಿತೆಂದು ನಾವಿಬ್ಬರೂ ಬೀಗಿದೆವು. ಹೊಸ ಪದಕಕ್ಕೆಂದು ನನ್ನ ಎರಡು ಸವೆದ ಬಳೆಗಳನ್ನು ಕೊಟ್ಟೆ. ಒಟ್ಟು ಹನ್ನೆರಡು ಗ್ರಾಂ. ಅದರ ಮೇಲೆ ಒಂದು ಗುಲಗಂಜಿಯೂ ಏರಬಾರದು ಎಂಬುದು ನನ್ನ ಗಂಡನ ಷರತ್ತು. ಗ್ರಾಂ ಚಿನ್ನ ಹತ್ತು ಸಾವಿರ ದಾಟಿದ್ದ ದಿನಗಳು.

ಕಂಪ್ಯೂಟರ್ ಹುಡುಗ ಬರೆದ ನವಿಲು ಪರದೆಯ ತುಂಬ ಬಂದಾಗ ನಮಗೆ ನೆಲ ಕಾಣಲಿಲ್ಲ. ಗರಿಯ ಎಳೆ ಎಳೆಯೂ ಲೆಕ್ಕಕ್ಕೆ ಸಿಗುತ್ತಿತ್ತು. ತಂಗಿ ಕತ್ತಿಗೆ ಇನ್ನೊಂದು ಸಾಲು ಚುಕ್ಕಿ ಹಾಕಿಸಿದಳು, ನಾನು ಕೊಕ್ಕಿನ ಕೆಳಗೆ ಒಂದು ಬಳ್ಳಿ ಬಿಡಿಸಿದೆ. ಆಚಾರ್ರು ಏನೂ ಹೇಳದೆ ಪರದೆಯ ಚಿತ್ರವನ್ನು ನಿಜವಾದ ಅಳತೆಗೆ ಇಳಿಸಲು ಹುಡುಗನಿಗೆ ಸನ್ನೆ ಮಾಡಿದರು. ಕೋಳಿಯಷ್ಟಿದ್ದ ನವಿಲು ಸಟ್ಟನೆ ಜೀರುಂಡೆಯಾಯಿತು. ಚುಕ್ಕಿಯ ಸಾಲು, ಬಳ್ಳಿ ಎಲ್ಲ ಸೇರಿ ಜೀರುಂಡೆಗೆ ಕಜ್ಜಿ ಎದ್ದ ಹಾಗೆ ಕಂಡಿತು. ಮರುಮಾತಿಲ್ಲದೆ ತೆಗೆಸಿದೆವು.

ಇನ್ನೇನು ಒಪ್ಪಿಗೆ ಎನ್ನಬೇಕು, ಆಚಾರ್ರು ಮತ್ತೊಮ್ಮೆ ಫೋಟೋ ಕೈಗೆತ್ತಿಕೊಂಡು ಕೇಳಿದರು: "ನಿಮ್ಮ ಅಜ್ಜಿ ಕೊಡಗಿನವರೇ?"

"ಇಲ್ಲವಲ್ಲ, ತಿಪಟೂರು."

"ಮತ್ತೆ ಸೆರಗು ಬಲ ಹೆಗಲ ಮೇಲಿದೆ?"

ನೋಡಿದೆವು. ಹೌದು. ಆರು ದಶಕ ಆ ಫೋಟೋ ನಮ್ಮ ನಡುಮನೆಯ ಗೋಡೆಯ ಮೇಲೆ ತೂಗಿದೆ, ಪ್ರತಿ ಯುಗಾದಿಗೂ ಅದಕ್ಕೆ ಹಾರ ಬಿದ್ದಿದೆ, ಒಬ್ಬರಿಗೂ ಅದು ಕಂಡಿರಲಿಲ್ಲ. ತಾತನ ಕೈಗಡಿಯಾರವೂ ಬಲಗೈಯಲ್ಲಿತ್ತು. ಸ್ಟುಡಿಯೋದವನು ನೆಗೆಟಿವ್ ಅನ್ನು ಮಗುಚಿಟ್ಟು ಪ್ರತಿ ತೆಗೆದಿದ್ದ. ಹಾಗಾಗಿ ಬಲಕ್ಕೆ ನೋಡುತ್ತಿದ್ದ ನವಿಲು ವಾಸ್ತವದಲ್ಲಿ ಎಡಕ್ಕೆ ನೋಡುತ್ತಿತ್ತು. ಅರ್ಧ ಗಂಟೆಯ ಹಿಂದಷ್ಟೇ ನಾನು, "ನವಿಲು ಬಲಕ್ಕೆ ನೋಡಿದರೇ ಶುಭ, ನಮ್ಮ ಅಜ್ಜಿ ಅದನ್ನೆಲ್ಲ ಬಲ್ಲವರು" ಎಂದು ಹುಡುಗನಿಗೆ ಪಾಠ ಹೇಳಿದ್ದೆ. ಅವನು ನನ್ನ ಮುಖ ನೋಡದೆ ಒಂದು ಗುಂಡಿ ಒತ್ತಿದ. ನವಿಲು ಕತ್ತು ತಿರುಗಿಸಿತು. ಎರಕವಾದ ಮೇಲೆ ಇದು ಗೊತ್ತಾಗಿದ್ದರೆ ಕರಗಿಸಿ ಮೊದಲಿನಿಂದ ಶುರು ಮಾಡಬೇಕಿತ್ತು.

ಕಣ್ಣಿನ ಕಲ್ಲಿನ ಬಣ್ಣಕ್ಕೆ ತಿಪಟೂರಿನ ಸೋದರಮಾವನಿಗೆ ಗುಟ್ಟಾಗಿ ಫೋನ್ ಮಾಡಿದೆ. ಕೆಂಪು ಎಂದರು. ಹತ್ತು ನಿಮಿಷ ಬಿಟ್ಟು ತಾವೇ ಕರೆ ಮಾಡಿ ಹಸಿರು ಎಂದರು. ಕಪ್ಪುಬಿಳುಪಿನಲ್ಲಿ ಎರಡೂ ಕಪ್ಪೇ. ಕೆಂಪು ಹಾಕಿಸಿದೆವು.

ಮೇಣದ ನವಿಲು ನೀಲಿಯಾಗಿತ್ತು. ಅಂಗೈಯಲ್ಲಿಟ್ಟರೆ ಇದೆಯೋ ಇಲ್ಲವೋ ಎನ್ನುವಷ್ಟು ಹಗುರ. ತಿರುಗಿಸಿ ನೋಡಿದರೆ ಹಿಂಭಾಗವನ್ನೆಲ್ಲ ದೋಣಿಯ ಹಾಗೆ ಕೊರೆದು ಟೊಳ್ಳು ಮಾಡಿದ್ದರು. ತಂಗಿಗೆ ಅದು ಕಳ್ಳತನದಂತೆ ಕಂಡಿತು.

"ಆಚಾರ್ರೇ, ಇಷ್ಟು ತೆಳ್ಳಗೆ ಬೇಡ. ಅಜ್ಜಿಯದು ಗಟ್ಟಿ ಒಡವೆ. ಹಿಂದುಗಡೆ ತುಂಬಿಸಿಬಿಡಿ."

ಆಚಾರ್ರು ಮೇಣವನ್ನು ತಕ್ಕಡಿಯ ಮೇಲಿಟ್ಟರು. ಗ್ರಾಂನ ಹತ್ತರಲ್ಲಿ ಆರು ಪಾಲು ತೋರಿಸಿತು. "ಇದಕ್ಕೆ ಹದಿನೆಂಟರಿಂದ ಗುಣಿಸಿ" ಎಂದರು. ಇಪ್ಪತ್ತೆರಡು ಕ್ಯಾರೆಟ್ ಚಿನ್ನ ಅದೇ ಗಾತ್ರದ ಮೇಣಕ್ಕಿಂತ ಸುಮಾರು ಹದಿನೆಂಟು ಪಟ್ಟು ಭಾರ. ಹಾಗಾಗಿ ಉಸಿರು ತಾಗಿದರೆ ಹಾರುವ ಆ ನವಿಲು ಚಿನ್ನವಾದಾಗ ಹನ್ನೊಂದು ಗ್ರಾಂ ಹತ್ತಿರ ಬರುತ್ತದೆ. ಹಿಂಭಾಗ ತುಂಬಿಸಿದರೆ ಮೇಣ ಒಂದೂವರೆ ಗ್ರಾಂ ಹತ್ತಿರ, ಚಿನ್ನ ಇಪ್ಪತ್ತೇಳು. "ನೀವು ಮೇಣಕ್ಕೆ ಒಂದು ಸಾಸಿವೆಯಷ್ಟು ಸೇರಿಸಿ ಎಂದರೆ ನಾನು ಸೇರಿಸುತ್ತೇನೆ ಅಮ್ಮಾ, ನನಗೇನು" ಎಂದರು. ನನ್ನ ಗಂಡ ಅಂದು ಮೊದಲ ಬಾರಿಗೆ ಆಚಾರ್ರನ್ನು ಪ್ರೀತಿಯಿಂದ ನೋಡಿದರು. ತಂಗಿ ಟೊಳ್ಳು ನವಿಲನ್ನು ಮಗುವಿನಂತೆ ಕೆಳಗಿಟ್ಟಳು, ಆದರೂ ಅವಳ ಉಗುರಿನ ಗುರುತು ಬಾಲದ ಮೇಲೆ ಉಳಿಯಿತು. ಅದನ್ನು ಆಚಾರ್ರು ಬಿಸಿ ಸೂಜಿಯಿಂದ ಸವರಿದರು.

ತಪ್ಪು ಮಾಡಿದ್ದು ನಾನು. ಜುಟ್ಟಿನ ವಿಷಯದಲ್ಲಿ. ಫೋಟೋದಲ್ಲಿ ನವಿಲಿನ ತಲೆಯ ಮೇಲೆ ಕೂದಲೆಳೆಯಂಥ ಮೂರು ಗೆರೆಗಳಿದ್ದವು. ಮೇಣದಲ್ಲಿ ಅವು ಶಾವಿಗೆಯಂತೆ ದಪ್ಪಗಿದ್ದವು. ಸಣ್ಣ ಮಾಡಿ ಎಂದೆ. ಮುಕ್ಕಾಲು ಮಿಲಿಮೀಟರಿಗಿಂತ ಕೆಳಗೆ ಇಳಿದರೆ ಚಿನ್ನ ಹರಿಯುವುದಿಲ್ಲ ಎಂದರು. ಅಜ್ಜಿಯದು ಹರಿದಿತ್ತಲ್ಲ ಎಂದೆ. ಆಚಾರ್ರು ವಾದ ಮಾಡಲಿಲ್ಲ. ಅರ್ಧ ಮಿಲಿಮೀಟರಿಗೂ ಕೆಳಗೆ ಹೆರೆದು ತೋರಿಸಿದರು, ನಾನು ಚೀಟಿಯ ಮೇಲೆ "ಒಪ್ಪಿಗೆ" ಎಂದು ಬರೆದು ದಿನಾಂಕ ಸಮೇತ ಸಹಿ ಹಾಕಿದೆ. ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಸಾಲದ ಕಾಗದಗಳಿಗೆ ಜನರಿಂದ ಸಹಿ ಹಾಕಿಸಿಕೊಂಡವಳು ನಾನು. ಆ ಕಡೆ ಕುಳಿತಾಗ ಹೇಗಿರುತ್ತದೆ ಎಂದು ಅಂದು ತಿಳಿಯಿತು.

ಎರಕದ ಅಂಗಡಿ ಅದೇ ಗಲ್ಲಿಯ ತುದಿಯಲ್ಲಿತ್ತು. ಅಲ್ಲಿ ನಮ್ಮ ನವಿಲನ್ನು ಒಂದು ಮೇಣದ ಕಡ್ಡಿಗೆ ಅಂಟಿಸಿದ್ದರು. ಕಡ್ಡಿಯ ಸುತ್ತ ಯಾರದೋ ಉಂಗುರ, ಯಾರದೋ ಓಲೆ, ಎಲ್ಲ ಮೇಲ್ಮುಖವಾಗಿ ಕೊಂಬೆ ಚಾಚಿದ ಪುಟ್ಟ ಮರ. ಅದನ್ನು ಉಕ್ಕಿನ ಕೊಳವೆಯೊಳಗೆ ನಿಲ್ಲಿಸಿ, ಸುತ್ತ ಗಂಜಿಯಂಥ ಬಿಳಿ ಗಾರೆ ಹೊಯ್ದು, ಗುಳ್ಳೆ ಉಳಿಯದಂತೆ ಗಾಳಿ ಎಳೆದು, ರಾತ್ರಿಯಿಡೀ ಒಲೆಯಲ್ಲಿ ಸುಡುತ್ತಾರೆ. ಮೇಣ ಕರಗಿ, ಉರಿದು, ಹೊಗೆಯಾಗಿ ಹೋಗುತ್ತದೆ. ಗಾರೆಯ ಹೊಟ್ಟೆಯಲ್ಲಿ ನವಿಲಿನ ಆಕಾರದ ಖಾಲಿ ಜಾಗ ಉಳಿಯುತ್ತದೆ. ಆ ಖಾಲಿಗೆ ಚಿನ್ನ.

"ಮರದಲ್ಲಿರುವುದೆಲ್ಲ ಒಂದೇ ಚಿನ್ನವೇ? ನನ್ನ ಬಳೆಯದು ನನಗೇ ಬರುತ್ತದೆ ಎಂದು ಹೇಗೆ ತಿಳಿಯುವುದು?" ಎಂದೆ.

"ತೂಕ ನಿಮ್ಮದೇ ಬರುತ್ತದೆ, ಚಿನ್ನ ಯಾರದೋ. ಬ್ಯಾಂಕಿನಲ್ಲಿ ನೋಟು ಕಟ್ಟಿದರೆ ಅದೇ ನೋಟು ಕೊಡುತ್ತೀರಾ?" ಎಂದರು ಆಚಾರ್ರು. ನಾನು ಬ್ಯಾಂಕಿನವಳೆಂದು ಇವರಿಗೆ ಹೇಳಬಾರದಿತ್ತು.

ಮಾರನೆಯ ದಿನ ಗಾರೆ ಒಡೆದು, ಕೊಂಬೆಯಿಂದ ಕತ್ತರಿಸಿ ನನ್ನ ಮುಂದಿಟ್ಟ ವಸ್ತುವನ್ನು ಚಿನ್ನ ಎಂದು ನಂಬಲು ದೈವಭಕ್ತಿ ಬೇಕಿತ್ತು. ಹಳೆಯ ಅಚ್ಚುಬೆಲ್ಲದ ಬಣ್ಣ, ಸಂದುಗಳಲ್ಲಿ ಬಿಳಿ ಪುಡಿ, ಎದೆಯ ಮೇಲೆ ರಾಗಿಕಾಳಿನಂಥ ಎರಡು ಗುಳ್ಳೆ. ಗುಳ್ಳೆಗಳು ಗಾರೆಯಲ್ಲಿ ಉಳಿದ ಗಾಳಿಯ ಗುರುತು. ಹೊರಗೆ ಉಬ್ಬಿದ್ದರೆ ಚಿಂತೆಯಿಲ್ಲ, ಅರದಲ್ಲಿ ಹೋಗುತ್ತವೆ, ಒಳಗೆ ಕುಳಿ ಬಿದ್ದಿದ್ದರೆ ಕಷ್ಟ ಎಂದರು. ನಾನು ಕೇಳಿಸಿಕೊಳ್ಳುತ್ತಿರಲಿಲ್ಲ. ನವಿಲಿನ ತಲೆ ನುಣ್ಣಗಿತ್ತು.

ಜುಟ್ಟಿನ ಮೂರು ಎಳೆಗಳ ಜಾಗದಲ್ಲಿ ಮೂರು ಮೊಳಕೆ. ಅಷ್ಟು ಕಿರಿದಾದ ದಾರಿಯಲ್ಲಿ ಚಿನ್ನ ತುದಿ ಮುಟ್ಟುವ ಮೊದಲೇ ತಣ್ಣಗಾಗಿ ಹೆಪ್ಪುಗಟ್ಟಿತ್ತು. ತಿರುಪತಿಗೆ ಹೋಗಿ ಬಂದ ನವಿಲು. ಆಚಾರ್ರು ಮೌನವಾಗಿ ಡ್ರಾಯರ್ ಎಳೆದು ನನ್ನ ಸಹಿಯ ಚೀಟಿಯನ್ನು ಮೇಜಿನ ಮೇಲೆ ಇಟ್ಟರು. ಒಂದು ಮಾತೂ ಆಡಲಿಲ್ಲ. ಸಾಲಗಾರರ ಮುಂದೆ ನಾನೂ ಹಾಗೆಯೇ ಇಡುತ್ತಿದ್ದೆ.

"ಮತ್ತೆ ಎರಕ ಹೊಯ್ಯಬೇಕೇ?"

"ಬೇಡ. ನಿಮ್ಮ ಅಜ್ಜಿಯದರಲ್ಲೂ ಜುಟ್ಟು ಹರಿದು ಬಂದದ್ದಲ್ಲ, ಕಂಬಿ ಎಳೆದು ಬೆಸೆದದ್ದು" ಎಂದು ಸಾಲು ತೂತುಗಳ ಉಕ್ಕಿನ ಪಟ್ಟಿಯೊಂದನ್ನು ತೆಗೆದರು. ಚಿನ್ನದ ಚೂರನ್ನು ದೊಡ್ಡ ತೂತಿನಿಂದ ಸಣ್ಣ ತೂತಿಗೆ, ಅಲ್ಲಿಂದ ಇನ್ನೂ ಸಣ್ಣದಕ್ಕೆ ಇಕ್ಕುಳದಲ್ಲಿ ಎಳೆಯುತ್ತ ಹೋದರು. ನನ್ನ ಕಣ್ಣೆದುರೇ ಅದು ವೀಣೆಯ ತಂತಿಯಾಯಿತು. ಮೂರು ತುಂಡು ಕತ್ತರಿಸಿ, ತುದಿಗೆ ಜ್ವಾಲೆ ತಾಗಿಸಿ ಗುಂಡಗೆ ಮಾಡಿ, ತಲೆಗೆ ಬೆಸುಗೆ ಹಾಕಿದರು. ಕಾಲು ಗಂಟೆಯ ಕೆಲಸ. ಇದು ಮೊದಲೇ ಗೊತ್ತಿದ್ದೂ ನನಗೆ ಸಹಿ ಹಾಕಲು ಯಾಕೆ ಬಿಟ್ಟರು ಎಂದು ಕೇಳುವ ಧೈರ್ಯ ಇವತ್ತಿಗೂ ಬಂದಿಲ್ಲ.

ಒಪ್ಪ ಹಾಕಿ, ಕಲ್ಲು ಕೂರಿಸಿ, ಹಾಲ್‌ಮಾರ್ಕ್ ಆಗಿ ಬಂದಾಗ ತೂಕ ಹತ್ತೂಮುಕ್ಕಾಲು ಗ್ರಾಂ. ಹುಟ್ಟುಹಬ್ಬದ ದಿನ ಅಮ್ಮ ಡಬ್ಬಿ ತೆರೆದು ಸುಮ್ಮನೆ ನೋಡುತ್ತ ಕುಳಿತಳು. ಕಣ್ಣು ತುಂಬಿತು. ನಮ್ಮದೂ. ಆಮೇಲೆ ಪದಕವನ್ನು ಕಿವಿಯ ಹತ್ತಿರ ಒಯ್ದು ಅಲ್ಲಾಡಿಸಿದಳು. ಇನ್ನೊಮ್ಮೆ ಅಲ್ಲಾಡಿಸಿದಳು.

"ಸದ್ದೇ ಇಲ್ಲವಲ್ಲೇ. ಅಮ್ಮನದು ಗಿಲಿಗಿಲಿ ಎನ್ನುತ್ತಿತ್ತು. ಅವಳು ಅಡುಗೆಮನೆಯಿಂದ ಬರುವುದು ನಮಗೆ ಅದರಿಂದಲೇ ಗೊತ್ತಾಗುತ್ತಿತ್ತು."

ಆಚಾರ್ರಿಗೆ ಫೋನ್ ಮಾಡಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ. ಒಳಗಿನ ಅರಗು ಒಣಗಿ ಬಿರುಕುಬಿಟ್ಟು ಚೂರಾಗಿರುತ್ತದೆ, ಹಳೆಯ ಒಡವೆಗಳಲ್ಲಿ ಅದು ಮಾಮೂಲು ಎಂದರು. "ಫೋಟೋದಲ್ಲಿ ಕೇಳಿಸಲಿಲ್ಲ ನೋಡಿ. ಬೇಕಿದ್ದರೆ ತನ್ನಿ, ಹಿಂದೆ ತಗಡು ಮುಚ್ಚಿ ಒಳಗೆ ಎರಡು ಗುಂಡು ಬಿಟ್ಟುಕೊಡುತ್ತೇನೆ. ತಗಡು ಒಂದೂವರೆ ಗ್ರಾಂ ಆದೀತು. ಮೊದಲು ಬಂದು ಸದ್ದು ಕೇಳಿ ಒಪ್ಪಿಗೆ ಬರೆದುಕೊಡಿ."