ಮಾರ್ಚ್ ಬಂತು ಅಂದ್ರೆ ತಲೆನೋವು

ಚಾಂಪಿಯನ್ಸ್ ಲೀಗ್ ಫುಟ್ಬಾಲ್ ಮ್ಯಾಚ್ ಒಟ್ಟಿಗೆ ನೋಡೋಣ ಅಂತ ನಾವು ನಾಲ್ವರು ಸೇರಿ ಗುಂಪು ಮಾಡಿಕೊಂಡೆವು. ಟೈಮ್ ನೋಡೋ ಕೆಲಸ ನನ್ನ ತಲೆಗೆ ಬಂತು. ಲಂಡನ್ನಲ್ಲಿ ನನಗೆ ರಾತ್ರಿ 8, ನ್ಯೂಜೆರ್ಸಿಯವನಿಗೆ ಮಧ್ಯಾಹ್ನ 3, ದುಬೈಯವನಿಗೆ ನಡುರಾತ್ರಿ 12, ಪಾಪ ಸಿಂಗಪುರದವನಿಗೆ ಬೆಳಗಿನ ಜಾವ 4. ಇಷ್ಟು ಬಾಯಿಪಾಠ ಆಗಿತ್ತು.

ಆದರೆ ಅಮೆರಿಕದವರು ಮಾರ್ಚ್ ಎರಡನೇ ಭಾನುವಾರವೇ ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಯುರೋಪಿನವರು ಕೊನೇ ಭಾನುವಾರದವರೆಗೆ ಕಾಯುತ್ತಾರೆ. ಹದಿನಾರರ ಸುತ್ತು ಸರಿಯಾಗಿ ಆ ನಡುವೆಯೇ ಬಂದು ಕೂರುತ್ತೆ! ನ್ಯೂಜೆರ್ಸಿಯವನು ಬಾಸ್ ಹತ್ತಿರ ಗೋಗರೆದು 3ರಿಂದ 5 ಬಿಡುವು ಮಾಡಿಕೊಂಡು, ಚುರುಮುರಿ ಕಲಸಿಕೊಂಡು ಕೂತ. ಮ್ಯಾಚ್ ಶುರುವಾಗಿದ್ದು ಅವನ 4 ಗಂಟೆಗೆ. ಮೊದಲರ್ಧ ನೋಡಿ ಮೀಟಿಂಗಿಗೆ ಹೋದ. ಬೈಗುಳ ಮಾತ್ರ ನನಗೆ.

ಅದು ಸಾಲದು ಅಂತ ದುಬೈಯವನು 'ಬುಧವಾರ ರಾತ್ರಿ 12' ಅಂದಿದ್ದನ್ನು ಮಂಗಳವಾರ ಮುಗಿದ ತಕ್ಷಣ ಅಂದುಕೊಂಡು ಒಂದು ದಿನ ಮೊದಲೇ ಎದ್ದು ಕೂತಿದ್ದ. ಸಿಂಗಪುರದವನು ಅಲಾರಂ ಆಫ್ ಮಾಡಿ ಮಲಗಿದ, ಅವನೇ ಜಾಣ. ಈಗ 'ನಿಮ್ಮೂರಲ್ಲಿ ಇಂಥ ವಾರ, ಇಂಥ ತಾರೀಖು, ಇಷ್ಟು ಗಂಟೆ' ಅಂತ ಒಬ್ಬೊಬ್ಬನಿಗೂ ಬೇರೆ ಬೇರೆ ಬರೆದು ಕಳಿಸ್ತೀನಿ, ಆದರೂ 'ಎಷ್ಟೊತ್ತಿಗೋ ಮ್ಯಾಚು?' ಅಂತ ಕೇಳ್ತಾರೆ.