ಚಿಕ್ಕಮ್ಮನ ಉಂಗುರ ಮತ್ತು ಇಸ್ತಾಂಬುಲ್‌ನ ಲೆಕ್ಕ

ಹೋದ ವಾರ ಚಿಕ್ಕಮ್ಮ ಫೋನ್ ಮಾಡಿದ್ದರು. ಹರಳಿನ ಉಂಗುರ ಕಾಣಿಸುತ್ತಿಲ್ಲವಂತೆ. "ಯಾರು ತಗೊಂಡ್ರು ಅಂತಾನೂ ಗೊತ್ತು ಕಣೋ" ಅಂದರು.

ಮನೆಗೆ ಪೇಂಟ್ ಮಾಡಲು ಇಬ್ಬರು ಬರುತ್ತಿದ್ದರು. ಅವರಲ್ಲಿ ಚಿಕ್ಕವನು ಗುರುವಾರ ಮಧ್ಯಾಹ್ನ ನೀರು ಕೇಳಿಕೊಂಡು ಅಡುಗೆಮನೆಗೆ ಬಂದ. ಪಾತ್ರೆ ತೊಳೆಯುವಾಗ ಉಂಗುರ ತೆಗೆದು ಸಿಂಕಿನ ಪಕ್ಕ, ಸೋಪಿನ ಡಬ್ಬಿ ಹತ್ತಿರ ಇಡುವುದು ಚಿಕ್ಕಮ್ಮನ ಅಭ್ಯಾಸ. ಅಷ್ಟರಲ್ಲಿ ಬೆಲ್ ಆಯಿತು, ಅವರು ಬಾಗಿಲಿಗೆ ಹೋದರು. ಆ ಒಂದು ನಿಮಿಷದಲ್ಲಿ ಹುಡುಗ ಉಂಗುರ ಜೇಬಿಗೆ ಹಾಕಿಕೊಂಡ. ಶುಕ್ರವಾರ ಕೆಲಸಕ್ಕೇ ಬರಲಿಲ್ಲ.

ಪೂರ್ತಿ ದೃಶ್ಯ ಕಣ್ಣ ಮುಂದೆ ಬಂತು. ಸೋಪಿನ ಡಬ್ಬಿಯ ಬಣ್ಣ ಕೂಡ! "ಹೌದು ಚಿಕ್ಕಮ್ಮ, ಅವನೇ ಇರಬೇಕು" ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ನಾಚಿಕೆಯಾಯಿತು. ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುವವನು ನಾನು. ಪ್ರತಿ ವರ್ಷ ಮಕ್ಕಳಿಗೆ ಇದೇ ತಪ್ಪನ್ನು ಹೇಳಿಕೊಡುತ್ತೇನೆ. ವಿವರ ಸೇರಿದಷ್ಟೂ ಕಥೆಯ ಸಾಧ್ಯತೆ ಜಾಸ್ತಿ ಅಂದುಕೊಳ್ಳುವ ತಪ್ಪು ಅದು, ಕಾಂಜಂಕ್ಷನ್ ಫ್ಯಾಲಸಿ ಅಂತ ಅದರ ಹೆಸರು.

ಪಾಠ ಶುರುವಾಗುವುದು ಲಿಂಡಾಳಿಂದ. ಏಮಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಕಟ್ಟಿದ ಪಾತ್ರ ಅದು. ವಯಸ್ಸು 31, ಮದುವೆ ಆಗಿಲ್ಲ, ಜಾಣೆ, ಮಾತು ನೇರ. ಓದಿದ್ದು ಫಿಲಾಸಫಿ. ಕಾಲೇಜು ದಿನಗಳಲ್ಲಿ ಅಣು ವಿರೋಧಿ ಮೆರವಣಿಗೆಗೆ ಹೋದವಳು. ಈಗ ಇವಳು ಬ್ಯಾಂಕ್ ಕ್ಯಾಷಿಯರ್ ಆಗಿರುವ ಸಾಧ್ಯತೆ ಜಾಸ್ತಿಯೋ, ಬ್ಯಾಂಕ್ ಕ್ಯಾಷಿಯರ್ ಆಗಿದ್ದುಕೊಂಡು ಸ್ತ್ರೀವಾದಿ ಚಳವಳಿಯಲ್ಲೂ ಇರುವ ಸಾಧ್ಯತೆ ಜಾಸ್ತಿಯೋ? ಕೇಳಿದವರಲ್ಲಿ ಸುಮಾರು 85% ಜನ ಎರಡನೆಯದು ಅಂದರು. ಚಳವಳಿಯಲ್ಲಿರುವ ಕ್ಯಾಷಿಯರ್‌ಗಳೆಲ್ಲ ಕ್ಯಾಷಿಯರ್‌ಗಳೇ ಅಲ್ವಾ? ಹಾಗಾದರೆ ಎರಡನೆಯ ಗುಂಪು ಮೊದಲನೆಯದಕ್ಕಿಂತ ದೊಡ್ಡದಾಗುವುದು ಹೇಗೆ?

ಲಿಂಡಾ ಕಥೆ ಬಹಳ ಜನಕ್ಕೆ ಗೊತ್ತು. ಆದರೆ ಕ್ಲಾಸಿನಲ್ಲಿ ಒಬ್ಬನಾದರೂ ಎದ್ದು ನಿಂತು ಜಗಳಕ್ಕೆ ಬರುತ್ತಾನೆ. "ಸರ್, ಎರಡನ್ನೂ ಪಕ್ಕಪಕ್ಕ ಇಟ್ಟರೆ, ಮೊದಲನೆಯದು ಅಂದ್ರೆ ಚಳವಳಿಯಲ್ಲಿ ಇಲ್ಲದ ಕ್ಯಾಷಿಯರ್ ಅಂತ ಅರ್ಥ ಬರುತ್ತೆ." ಈ ತಕರಾರಿನಲ್ಲಿ ಹುರುಳಿದೆ. ದೊಡ್ಡ ವಿದ್ವಾಂಸರೂ ಇದನ್ನೇ ಎತ್ತಿದ್ದಾರೆ. ಆಗ ನಾನು ಮಕ್ಕಳನ್ನು ಇಸ್ತಾಂಬುಲ್‌ಗೆ ಕರೆದುಕೊಂಡು ಹೋಗುತ್ತೇನೆ. ನನ್ನ ಪ್ರಕಾರ ನಿಜವಾದ ಪಾಠ ಇರುವುದೇ ಅಲ್ಲಿ.

1982ರ ಜುಲೈ. ಮುಂದೇನಾಗಬಹುದು ಅಂತ ಅಂದಾಜು ಹೇಳುವುದನ್ನೇ ಉದ್ಯೋಗ ಮಾಡಿಕೊಂಡವರ ಸಮ್ಮೇಳನ ಅಲ್ಲಿ ನಡೆದಿತ್ತು. ಇದೇ ಇಬ್ಬರು ಅಲ್ಲಿದ್ದ 115 ಜನರನ್ನು ಗುಂಪು ಮಾಡಿ ಪ್ರಶ್ನೆ ಕೊಟ್ಟರು. ಒಂದು ಗುಂಪಿಗೆ: 1983ರಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ರಾಜತಾಂತ್ರಿಕ ಸಂಬಂಧವನ್ನು ಪೂರ್ತಿ ಕಡಿದುಕೊಳ್ಳುವ ಸಾಧ್ಯತೆ ಎಷ್ಟು? ಇನ್ನೊಂದು ಗುಂಪಿಗೆ: ಸೋವಿಯತ್ ಒಕ್ಕೂಟ ಪೋಲೆಂಡ್ ಮೇಲೆ ದಾಳಿ ಮಾಡಿ, ಅಮೆರಿಕದ ಜೊತೆಗಿನ ಸಂಬಂಧವೂ ಪೂರ್ತಿ ಕಡಿದುಹೋಗುವ ಸಾಧ್ಯತೆ ಎಷ್ಟು? ಪೋಲೆಂಡ್‌ನಲ್ಲಿ 1981ರ ಡಿಸೆಂಬರ್‌ನಲ್ಲಷ್ಟೇ ಮಾರ್ಷಲ್ ಲಾ ಬಂದಿತ್ತು. ವಿಷಯ ಬಿಸಿಯಾಗಿತ್ತು.

ಮೊದಲ ಗುಂಪಿನ ಸರಾಸರಿ ಅಂದಾಜು 0.14%. ಎರಡನೆಯದರದು 0.47%. ಪೋಲೆಂಡ್ ಒಂದು ಹೆಸರು ಸೇರಿದ್ದಕ್ಕೆ ಮೂರು ಪಟ್ಟಿಗಿಂತ ಜಾಸ್ತಿ! ಸಂಬಂಧ ಕಡಿಯಲು ಪೋಲೆಂಡ್ ಒಂದೇ ದಾರಿ ಅಲ್ಲ, ನೂರು ದಾರಿ ಇರಬಹುದು. ಮೊದಲ ಪ್ರಶ್ನೆಯೊಳಗೆ ಆ ನೂರೂ ಇವೆ, ಪೋಲೆಂಡೂ ಇದೆ. ಎರಡನೆಯದರಲ್ಲಿ ಪೋಲೆಂಡ್ ಮಾತ್ರ ಇದೆ. ಆದರೆ ಸುಮ್ನೆ "ಸಂಬಂಧ ಕಡಿಯುತ್ತೆ" ಅಂದರೆ ತಲೆಯಲ್ಲಿ ಯಾವ ಚಿತ್ರವೂ ಮೂಡುವುದಿಲ್ಲ. ಯಾಕೆ ಕಡಿಯುತ್ತೆ ಅಂತ ಹೇಳಿದ ತಕ್ಷಣ "ಓ, ಹಾಗಾದ್ರೆ ಆಗಬಹುದು" ಅನ್ನಿಸುತ್ತದೆ. ಇದು ಎಷ್ಟು ಸಲ ಆಗುತ್ತೆ ಅಂತ ಕೇಳಿದರೆ, ಮನಸ್ಸು ಇದು ಎಷ್ಟು ಚೆನ್ನಾಗಿ ಹೊಂದುತ್ತೆ ಅನ್ನುವುದಕ್ಕೆ ಉತ್ತರ ಕೊಟ್ಟು ಕೈತೊಳೆದುಕೊಳ್ಳುತ್ತದೆ.

ಇಲ್ಲಿ ಪದದ ಅರ್ಥದ ತಕರಾರು ನಡೆಯುವುದಿಲ್ಲ. ಯಾಕಂದ್ರೆ ಯಾರಿಗೂ ಎರಡೂ ಪ್ರಶ್ನೆ ಸಿಕ್ಕಿರಲಿಲ್ಲ. ಮನೆಯಲ್ಲಿ, ಆಫೀಸಿನಲ್ಲಿ, ಟಿವಿಯಲ್ಲಿ ನಮ್ಮ ಪಾಡೂ ಅದೇ. ಕಥೆ ಬರುವುದು ಒಂದೇ, ಎಲ್ಲ ವಿವರದ ಸಮೇತ. ಅದರ ಬೋಳು ರೂಪವನ್ನು ಯಾರೂ ಪಕ್ಕದಲ್ಲಿಟ್ಟು ತೋರಿಸುವುದಿಲ್ಲ. ಚಿಕ್ಕಮ್ಮ "ಉಂಗುರ ಎಲ್ಲೋ ಹೋಯ್ತು" ಅಂತ ಇನ್ನೊಂದು ಫೋನ್ ಮಾಡಲಿಲ್ಲವಲ್ಲ!

ಹಾಗಾಗಿ ಆ ಬೋಳು ರೂಪವನ್ನು ನಾವೇ ಮಾಡಿಕೊಳ್ಳಬೇಕು. ಅದಕ್ಕೂ ಒಂದು ಉಪಾಯ ಟ್ವರ್ಸ್ಕಿ, ಕಾನೆಮನ್ ಅವರದೇ ಕೆಲಸದಲ್ಲಿದೆ. ಗಂಡಸರಲ್ಲಿ ಹೃದಯಾಘಾತ ಆದವರು ಎಷ್ಟು ಪರ್ಸೆಂಟ್, 55 ದಾಟಿ ಹೃದಯಾಘಾತವೂ ಆದವರು ಎಷ್ಟು ಪರ್ಸೆಂಟ್ ಅಂತ ಕೇಳಿದಾಗ 65% ಜನ ತಪ್ಪಿದರು. ಅದೇ ಪ್ರಶ್ನೆಯನ್ನು "100 ಜನರಲ್ಲಿ ಎಷ್ಟು ಜನ" ಅಂತ ಕೇಳಿದಾಗ ತಪ್ಪಿದವರು 25%ಕ್ಕೆ ಇಳಿದರು. ತಲೆ ಎಣಿಸಲು ಶುರು ಮಾಡಿದರೆ ಗುಂಪಿನೊಳಗೆ ಗುಂಪು ಕಾಣುತ್ತದೆ.

ರಾತ್ರಿ ಹಾಳೆ ತೆಗೆದುಕೊಂಡು ಕೂತೆ. ಕೆಲಸದವರು ಬಂದು ಹೋಗುವ, ಉಂಗುರವೂ ಕಾಣೆಯಾದ 100 ಮನೆ ಅಂದುಕೊಂಡೆ. ಅಂಕಿ ಎಲ್ಲ ನನ್ನ ಊಹೆ. ಕಳ್ಳತನವೇ ಆಗಿದ್ದು 40 ಮನೆಯಲ್ಲಿ ಇರಲಿ. ಉಳಿದ ಕಡೆ ಸಿಂಕಿನ ಪೈಪು, ಹಾಸಿಗೆ, ಹಳೇ ಪರ್ಸು. ಆ 40ರಲ್ಲಿ ಕದ್ದವನು ಪೇಂಟ್ ಹುಡುಗನೇ ಆಗಿದ್ದು 20. ಅದರಲ್ಲಿ ಸಿಂಕಿನ ಪಕ್ಕದಿಂದಲೇ ಎತ್ತಿದ್ದು 10. ನೀರು ಕುಡಿಯಲು ಬಂದ ಆ ಒಂದು ನಿಮಿಷದಲ್ಲೇ ಆಗಿದ್ದು 6. ಬೇರೆ ಅಂಕಿ ಹಾಕಿಕೊಳ್ಳಿ ಬೇಕಾದರೆ. ಪ್ರತಿ ಮೆಟ್ಟಿಲಿನಲ್ಲೂ ಸಂಖ್ಯೆ ಹೆಚ್ಚೆಂದರೆ ಅಷ್ಟೇ ಇರಬಹುದು, ಏರಲಾರದು. ಆದರೆ ಫೋನಿನಲ್ಲಿ ನನ್ನ ನಂಬಿಕೆ ಏರುತ್ತಾ ಹೋಗಿತ್ತು.

ಒಂದು ಮಾತು ಇಲ್ಲಿ ಬಿಡಿಸಿ ಹೇಳಬೇಕು. ಇದರಲ್ಲಿ ನಾನೇ ಮೊದಮೊದಲು ಎಡವಿದ್ದೇನೆ. ವಿವರ ಎಲ್ಲವೂ ಸಾಧ್ಯತೆ ಕಡಿಮೆ ಮಾಡುವುದಿಲ್ಲ. ಹುಡುಗ ಶುಕ್ರವಾರ ಬರಲಿಲ್ಲ ಅನ್ನುವುದು ನಡೆದ ಸಂಗತಿ. ಅದು ಸಾಕ್ಷಿ, ಅನುಮಾನವನ್ನು ಒಂಚೂರು ಹೆಚ್ಚಿಸಿದರೂ ಹೆಚ್ಚಿಸಬಹುದು. ನೀರು ಕೇಳಿದ್ದೂ ಹಾಗೇ, ಚಿಕ್ಕಮ್ಮ ಕಣ್ಣಾರೆ ಕಂಡಿದ್ದು. ಆದರೆ "ಜೇಬಿಗೆ ಹಾಕಿಕೊಂಡ" ಅನ್ನುವುದನ್ನು ಯಾರೂ ನೋಡಿಲ್ಲ. ಅವತ್ತು ಉಂಗುರ ಸಿಂಕಿನ ಪಕ್ಕ ಇತ್ತು ಅನ್ನುವುದು ಕೂಡ ನೆನಪಲ್ಲ, ಅಭ್ಯಾಸದ ಮೇಲಿನ ಊಹೆ. ಕಥೆಯ ಒಳಗೆ ಕಂಡಿದ್ದೂ ಊಹಿಸಿದ್ದೂ ಒಂದೇ ದನಿಯಲ್ಲಿ ಬರುತ್ತವೆ. ಕಂಡಿದ್ದರ ಗಟ್ಟಿತನ ಪಕ್ಕದ ಊಹೆಗೂ ಅಂಟಿಕೊಳ್ಳುತ್ತದೆ.

ಮಾರನೆಯ ದಿನ ಚಿಕ್ಕಮ್ಮನಿಗೆ ನಾನೇ ಫೋನ್ ಮಾಡಿದೆ.

"ಚಿಕ್ಕಮ್ಮ, ಗುರುವಾರ ಬೆಳಿಗ್ಗೆ ಉಂಗುರ ಬೆರಳಲ್ಲಿ ಇತ್ತಾ? ನೋಡಿದ ನೆನಪಿದೆಯಾ?"

ಸ್ವಲ್ಪ ಹೊತ್ತು ಮಾತಿಲ್ಲ. "ಇರದೇ ಏನು, ಯಾವಾಗ್ಲೂ ಇರುತ್ತಲ್ಲ" ಅಂದರು.

"ಯಾವಾಗ್ಲೂ ಅಲ್ಲ, ಗುರುವಾರ."

"ಅಂದ್ರೆ ಅವನು ಕದ್ದಿಲ್ಲ ಅಂತೀಯಾ?"

ಹಾಗೂ ನಾನು ಅನ್ನುತ್ತಿಲ್ಲ. ಚಿಕ್ಕ ಕಥೆಗಿಂತ ಉದ್ದನೆಯ ಕಥೆಯ ಛಾನ್ಸ್ ಜಾಸ್ತಿ ಇರಲಾರದು ಅಂತಷ್ಟೇ ಈ ಲೆಕ್ಕ ಹೇಳುತ್ತದೆ. ಉದ್ದನೆಯ ಕಥೆ ಸುಳ್ಳು ಅಂತ ಹೇಳುವುದಿಲ್ಲ. ಇದನ್ನು ಫೋನಿನಲ್ಲಿ ವಿವರಿಸಲು ಹೋಗಿ ಬೈಸಿಕೊಂಡೆ.

ಹುಡುಗ ಸೋಮವಾರ ಕೆಲಸಕ್ಕೆ ಬಂದನಂತೆ. ಚಿಕ್ಕಮ್ಮ ಏನೂ ಕೇಳಿಲ್ಲ. ನೀರನ್ನು ಮಾತ್ರ ಈಗ ಹೊರಗೇ ತಂದುಕೊಡುತ್ತಿದ್ದಾರೆ. ಉಂಗುರ ಇನ್ನೂ ಸಿಕ್ಕಿಲ್ಲ.